‘ಇನ್‌ಫರ್ಮೇಷನ್ಸ್’, ‘ಫೀಡ್‌ಬ್ಯಾಕ್ಸ್’, ‘ಸ್ಟಾಫ್ಸ್’: ಆಫೀಸ್ ಮೇಲ್‌ನಲ್ಲಿ ಇವನ್ನ ತಿದ್ದೋದು ಹೇಗೆ?

ಸಂಪಿಗೆ ರೋಡ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಟೀಮ್ ಲೀಡ್. ನಮ್ಮ ಟೀಮಿನಿಂದ ಇಂಗ್ಲೆಂಡಿನ ಕ್ಲೈಂಟ್‌ಗೆ ದಿನಾ ಮೇಲ್ ಹೋಗುತ್ತದೆ. ಹೊಸದಾಗಿ ಸೇರಿದ ಒಬ್ಬ ಹುಡುಗ ಇದ್ದಾನೆ. ಕೆಲಸದಲ್ಲಿ ತುಂಬಾ ಚುರುಕು. ಆದರೆ ಅವನ ಮೇಲ್ ಹೀಗಿರುತ್ತದೆ:

“ಪ್ಲೀಸ್ ಫೈಂಡ್ ದಿ ಇನ್‌ಫರ್ಮೇಷನ್ಸ್ ಬಿಲೋ. ದೀಸ್ ಇನ್‌ಫರ್ಮೇಷನ್ಸ್ ಆರ್ ಕಲೆಕ್ಟೆಡ್ ಫ್ರಮ್ ಯುವರ್ ಸ್ಟಾಫ್ಸ್. ವಿ ಗಾಟ್ 14 ಫೀಡ್‌ಬ್ಯಾಕ್ಸ್. ದೇ ಆರ್ ಮೋಸ್ಟ್‌ಲಿ ಪಾಸಿಟಿವ್.”

ಮೊನ್ನೆ ಅವಸರದಲ್ಲಿ ನಾನೇ ಮೂರೂ ಪದದ ಕೊನೆಯ ‘ಎಸ್’ ಕಿತ್ತು ಕಳಿಸಿಬಿಟ್ಟೆ. ಸಂಜೆ ನಮ್ಮ ಮ್ಯಾನೇಜರ್ ಕರೆದು, “ಇದನ್ನ ತಿದ್ದಿದ್ದು ಯಾರಮ್ಮ? ಮೊದಲಿಗಿಂತ ಕೆಟ್ಟದಾಗಿದೆ” ಅಂದರು. ಓದಿ ನೋಡಿದರೆ “ದೀಸ್ ಇನ್‌ಫರ್ಮೇಷನ್ ಆರ್”, “14 ಫೀಡ್‌ಬ್ಯಾಕ್” ಅಂತ ಹೋಗಿದೆ. ನನಗೆ ಬೇಜಾರಾಯಿತು. ಹುಡುಗನಿಗೆ ನನಗಿಂತ ಜಾಸ್ತಿ ಬೇಜಾರು. ಅವನಿಗೆ ಹೇಳದೆ ತಿದ್ದಿದ್ದೆ, ಅದು ನನ್ನ ತಪ್ಪು.

ಕೇಳಬೇಕಾಗಿರೋದು ಎರಡೇ. ಇವನ್ನ ಸರಿಯಾಗಿ ತಿದ್ದೋದು ಹೇಗೆ? ಅವನಿಗೆ ಮನಸ್ಸಿಗೆ ನೋವಾಗದ ಹಾಗೆ ಹೇಳಿಕೊಡೋದು ಹೇಗೆ?

---

ಕೆಂಗೇರಿ ಎಕ್ಸ್‌ಪ್ರೆಸ್

‘ರಿವರ್ಟ್ ಬ್ಯಾಕ್’ ಮತ್ತು ‘ಡು ದಿ ನೀಡ್‌ಫುಲ್’ ಇವೆರಡನ್ನೂ ಸೇರಿಸಿಕೊಳ್ಳಿ ಮೇಡಂ. ನಮ್ಮ ಆಫೀಸಲ್ಲಿ ದಿನಕ್ಕೆ ಹತ್ತು ಸಲ ಬರುತ್ತೆ.

---

ಸಂಪಿಗೆ ರೋಡ್

@ಕೆಂಗೇರಿ ಎಕ್ಸ್‌ಪ್ರೆಸ್ ಅದು ಬೇರೆ ವಿಷಯ ಸರ್. ನಾನು ಕೇಳ್ತಿರೋದು ಬಹುವಚನ ಆಗದ ಪದಗಳ ಬಗ್ಗೆ ಮಾತ್ರ.

---

ಅಡಿಕೆ ತೋಟ

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಆಟೋಕರೆಕ್ಟ್ ಇದೆ. `File > Options > Mail > Editor Options > Proofing > AutoCorrect Options` ಗೆ ಹೋಗಿ, ಎಡಗಡೆ ತಪ್ಪು ಪದ, ಬಲಗಡೆ ಸರಿ ಪದ ಹಾಕಿಬಿಡಿ. ಅವನು ಟೈಪ್ ಮಾಡುತ್ತಿದ್ದ ಹಾಗೇ ಸರಿಯಾಗುತ್ತೆ. ಐದು ನಿಮಿಷದ ಕೆಲಸ.

---

ಪ್ರೂಫ್ ನೋಡುವವ

@ಅಡಿಕೆ ತೋಟ, ಸಂಪಿಗೆಯವರು ಕೈಯಲ್ಲಿ ಮಾಡಿದ ತಪ್ಪನ್ನೇ ನೀವು ಮೆಷಿನ್ ಕೈಲಿ ಮಾಡಿಸ್ತಿದ್ದೀರಿ ಅಷ್ಟೇ. ‘ಇನ್‌ಫರ್ಮೇಷನ್ಸ್’ ಹೋಗಿ ‘ಇನ್‌ಫರ್ಮೇಷನ್’ ಬರುತ್ತೆ, ಸರಿ. ಆದರೆ ಅದರ ಹಿಂದಿನ ‘ದೀಸ್’ ಹಾಗೇ ಉಳಿಯುತ್ತೆ. ಮುಂದಿನ ‘ಆರ್’ ಕೂಡ ಉಳಿಯುತ್ತೆ.

ನಾನು ಹನ್ನೆರಡು ವರ್ಷದಿಂದ ಕಂಪನಿಗಳ ಇಂಗ್ಲಿಷ್ ಬರಹ ತಿದ್ದುವ ಕೆಲಸ ಮಾಡ್ತಿದ್ದೇನೆ. ಈ ತಪ್ಪು ಒಂಟಿಯಾಗಿ ಬರೋದಿಲ್ಲ. ಬರೆಯುವವರ ಮನಸ್ಸಲ್ಲಿ ಆ ಪದ ‘ಹಲವು’ ಅಂತ ಕೂತಿರುತ್ತೆ. ಹಾಗಾಗಿ ಇಡೀ ವಾಕ್ಯವೇ ಬಹುವಚನಕ್ಕೆ ತಿರುಗಿರುತ್ತೆ. ನೀವು ‘ಎಸ್’ ಒಂದನ್ನೇ ಕಿತ್ತರೆ ಉಳಿದ ವಾಕ್ಯ ಅನಾಥ ಆಗುತ್ತೆ.

ನಾನು ತಿದ್ದುವಾಗ ಮೂರು ಕಡೆ ನೋಡ್ತೇನೆ. ಮೊದಲು ಪದದ ಹಿಂದೆ ಏನಿದೆ ಅಂತ. ‘ದೀಸ್’ ಇದ್ದರೆ ‘ದಿಸ್’ ಆಗಬೇಕು. ‘ಮೆನಿ’ ಇದ್ದರೆ ‘ಎ ಲಾಟ್ ಆಫ್’. ‘ಎ ಫ್ಯೂ’ ಇದ್ದರೆ ‘ಸಮ್’. ಆಮೇಲೆ ಮುಂದಿನ ಕ್ರಿಯಾಪದ, ‘ಆರ್’ ಇದ್ದದ್ದು ‘ಈಸ್’. ಮೂರನೆಯದನ್ನೇ ಎಲ್ಲರೂ ಮರೆಯೋದು. ಮುಂದಿನ ವಾಕ್ಯದಲ್ಲಿ ಅದೇ ಪದಕ್ಕೆ ಬದಲಾಗಿ ‘ದೇ’, ‘ದೆಮ್’ ಬಂದಿರುತ್ತೆ. ಈ ಮೇಲ್‌ನಲ್ಲೇ ನೋಡಿ, ಕೊನೆಯ ವಾಕ್ಯ ‘ದೇ ಆರ್ ಮೋಸ್ಟ್‌ಲಿ ಪಾಸಿಟಿವ್’. ಹಿಂದಿನ ವಾಕ್ಯದಲ್ಲಿ ಫೀಡ್‌ಬ್ಯಾಕ್ ಅಂತಲೇ ಉಳಿಸಿಕೊಂಡರೆ ಇಲ್ಲಿ ‘ಇಟ್ ಈಸ್’ ಆಗಲೇಬೇಕು.

---

ಮೈಸೂರು ಮಲ್ಲಿಗೆ ದಂಡೆ

ಸರಿ ಸರ್, ಆದರೆ ‘14 ಫೀಡ್‌ಬ್ಯಾಕ್ಸ್’ ಏನ್ ಮಾಡೋದು? ಸಂಖ್ಯೆ ಇದೆಯಲ್ಲ. ‘14 ಪೀಸಸ್ ಆಫ್ ಫೀಡ್‌ಬ್ಯಾಕ್’ ಅಂತ ಬರೀಬೇಕಾ? ಸ್ಕೂಲಲ್ಲಿ ಹಾಗೇ ಹೇಳಿಕೊಟ್ಟಿದ್ದು.

---

ಪ್ರೂಫ್ ನೋಡುವವ

@ಮೈಸೂರು ಮಲ್ಲಿಗೆ ದಂಡೆ ಬರೆದರೆ ತಪ್ಪಿಲ್ಲ, ಆದರೆ ಮೇಲ್‌ನಲ್ಲಿ ಭಾರವಾಗಿ ಕೇಳಿಸುತ್ತೆ. ಸಂಖ್ಯೆ ಬಂತು ಅಂದರೆ ನಾನು ಆ ಪದವನ್ನೇ ಬಿಟ್ಟುಬಿಡ್ತೇನೆ. ಎಣಿಸೋಕೆ ಬರುವ ಬೇರೆ ಪದ ಹಾಕ್ತೇನೆ. 14 ಕಾಮೆಂಟ್ಸ್, 14 ರೆಸ್ಪಾನ್ಸಸ್. ‘ಟೂ ಇನ್‌ಫರ್ಮೇಷನ್ಸ್’ ಇದ್ದರೆ ‘ಟೂ ಡೀಟೇಲ್ಸ್’ ಅಥವಾ ‘ಟೂ ಪಾಯಿಂಟ್ಸ್’. ‘ತ್ರೀ ಇಕ್ವಿಪ್‌ಮೆಂಟ್ಸ್’ ಇದ್ದರೆ ‘ತ್ರೀ ಮೆಷಿನ್ಸ್’. ‘ಫೈವ್ ಸ್ಟಾಫ್ಸ್’ ಇದ್ದರೆ ‘ಫೈವ್ ಎಂಪ್ಲಾಯೀಸ್’.

ಆದರೆ ಯಾವ ಪದ ಹಾಕಬೇಕು ಅನ್ನೋದು ತಿದ್ದುವವರಿಗೆ ಗೊತ್ತಾಗಲ್ಲ. ಬರೆದವರನ್ನೇ ಕೇಳಬೇಕು. 14 ಜನ ಉತ್ತರ ಕೊಟ್ಟರಾ, ಇಲ್ಲ ಕೆಲವೇ ಜನ ಸೇರಿ 14 ಮಾತು ಹೇಳಿದರಾ? ‘14 ಫೀಡ್‌ಬ್ಯಾಕ್ಸ್’ ಅನ್ನೋದರಲ್ಲಿ ಎರಡೂ ಅಡಗಿದೆ. ಸಂಪಿಗೆಯವರೇ, ಆ ಹುಡುಗನನ್ನ ಇದೊಂದು ಕೇಳಿ ನೋಡಿ.

---

ಬನವಾಸಿ

ನನಗೆ ಈ ಚರ್ಚೆಯೇ ಹಿಡಿಸ್ತಿಲ್ಲ. ಕೋಟ್ಯಂತರ ಭಾರತೀಯರು ಹೀಗೆ ಬರೀತಾರೆ. ಓದಿದವರಿಗೆ ಅರ್ಥ ಆಗುತ್ತೆ. ನಾವು ‘ಪ್ರೀಪೋನ್’ ಅಂತೀವಿ, ಅದು ಇಂಗ್ಲಿಷ್ ನಿಘಂಟಿಗೂ ಸೇರಿದೆ. ಹಾಗೇ ‘ಫೀಡ್‌ಬ್ಯಾಕ್ಸ್’ ಕೂಡ ನಮ್ಮ ಇಂಗ್ಲಿಷ್. ಇನ್ನೊಬ್ಬರ ನಾಲಿಗೆಗೆ ನಮ್ಮ ನಾಲಿಗೆ ಹೊಂದಿಸೋದು ಯಾಕೆ?

---

ಲೀಡ್ಸ್ ಕನ್ನಡಿಗ

@ಬನವಾಸಿ ನಾನು ಇಂಗ್ಲೆಂಡಲ್ಲಿದ್ದೇನೆ. ಅರ್ಥ ಆಗುತ್ತೆ, ನಿಜ. ಇಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ಹೇಳಲ್ಲ. ಆದರೆ ಟೆಂಡರ್, ಪ್ರಪೋಸಲ್ ಓದುವಾಗ ಮೊದಲ ಪುಟದಲ್ಲೇ ‘ಇನ್‌ಫರ್ಮೇಷನ್ಸ್’ ಕಂಡರೆ ಉಳಿದದ್ದನ್ನ ಅನುಮಾನದಿಂದ ಓದ್ತಾರೆ. ಅದು ಸರಿ ಅಂತ ನಾನು ಹೇಳ್ತಿಲ್ಲ. ನಡೆಯೋದು ಹೀಗೆ.

ಇನ್ನೊಂದು ಮಾತು. ಇದು ಭಾರತೀಯರು ಮಾತ್ರ ಮಾಡುವ ತಪ್ಪಲ್ಲ. ನಮ್ಮ ಆಫೀಸಿನ ಫ್ರೆಂಚ್ ಹುಡುಗಿ ಕೂಡ ‘ಇನ್‌ಫರ್ಮೇಷನ್ಸ್’ ಅಂತಲೇ ಬರೀತಾಳೆ. ಅವರ ಭಾಷೆಯಲ್ಲಿ ಆ ಪದಕ್ಕೆ ಬಹುವಚನ ಇದೆ. ಜರ್ಮನ್ನರಿಗೂ ಹಾಗೇ. ನಿಮ್ಮ ಹುಡುಗನಿಗೆ ಇದನ್ನ ಹೇಳಿ, ಸ್ವಲ್ಪ ಸಮಾಧಾನ ಆಗುತ್ತೆ.

---

ಬನವಾಸಿ

@ಲೀಡ್ಸ್ ಕನ್ನಡಿಗ ಅನುಮಾನದಿಂದ ಓದೋರ ತಪ್ಪಿಗೆ ಬರೆದ ಹುಡುಗ ತಲೆ ತಗ್ಗಿಸಬೇಕಾ? ಕ್ಲೈಂಟ್ ಮೇಲ್‌ಗೆ ಬೇಕಾದರೆ ತಿದ್ದಿ. ನಮ್ಮ ನಮ್ಮಲ್ಲೇ ಓಡಾಡುವ ಮೇಲ್‌ನಲ್ಲೂ ಪೆನ್ನು ಹಿಡಿದು ಕೂರೋದನ್ನ ನಾನು ಒಪ್ಪಲ್ಲ.

---

ಕನ್ನಡ ಮೇಷ್ಟ್ರು ಹಾವೇರಿ

ಹುಡುಗನಿಗೆ ಹೇಳಿಕೊಡೋದು ಹೇಗೆ ಅಂತ ಕೇಳಿದ್ದೀರಿ. ಇಂಗ್ಲಿಷ್ ವ್ಯಾಕರಣದಿಂದ ಶುರು ಮಾಡಬೇಡ್ರಿ. ಅನ್ನದಿಂದ ಶುರು ಮಾಡ್ರಿ.

ನಾವು ಅಕ್ಕಿಗಳು ಅಂತೀವಾ? ಇಲ್ಲ. ‘ಎರಡು ಅನ್ನ ಹಾಕು’ ಅಂತ ಮನೆಯಲ್ಲಿ ಯಾರಾದರೂ ಕೇಳ್ತಾರಾ? ಇಲ್ಲ. ಎರಡು ಅಗಳು ಅನ್ನ, ಒಂದು ಹಿಡಿ ಅಕ್ಕಿ, ನಾಕು ಸೇರು ಜೋಳ ಅಂತೀವಿ. ಎಣಿಸೋದು ಅಗಳನ್ನ, ಹಿಡಿಯನ್ನ, ಸೇರನ್ನ. ಅಕ್ಕಿಯನ್ನ ಯಾರೂ ಎಣಿಸೋದಿಲ್ಲ. ಇಂಗ್ಲಿಷಿನವರಿಗೆ ‘ಇನ್‌ಫರ್ಮೇಷನ್’ ಅಂದರೆ ಚೀಲದಲ್ಲಿರೋ ಅಕ್ಕಿ ಇದ್ದ ಹಾಗೆ. ‘ಡೀಟೇಲ್’ ಅಂದರೆ ಅಗಳು. ಅಗಳಿಗೆ ‘ಗಳು’ ಬರುತ್ತೆ, ಅಕ್ಕಿಗೆ ಬರೋದಿಲ್ಲ.

ನಮ್ಮ ತೊಂದರೆ ಏನಂದರೆ, ನಮಗೆ ‘ಮಾಹಿತಿ’ ಅಕ್ಕಿಯಂಥ ಪದ ಅಲ್ಲ. ಒಂದು ಮಾಹಿತಿ, ಎರಡು ಮಾಹಿತಿ ಅಂತ ಆರಾಮಾಗಿ ಎಣಿಸ್ತೀವಿ. ‘ಸಲಹೆಗಳು’ ಅಂತೀವಿ. ಅದನ್ನೇ ಇಂಗ್ಲಿಷಿಗೆ ಒಯ್ದಾಗ ‘ಇನ್‌ಫರ್ಮೇಷನ್ಸ್’, ‘ಅಡ್ವೈಸಸ್’ ಆಗುತ್ತೆ. ಹುಡುಗ ದಡ್ಡ ಅಲ್ಲ. ತನ್ನ ಭಾಷೆಯ ಲೆಕ್ಕವನ್ನ ಸರಿಯಾಗೇ ಹಾಕಿದ್ದಾನೆ.

---

ಮೈಸೂರು ಮಲ್ಲಿಗೆ ದಂಡೆ

ಮೇಷ್ಟ್ರೇ, ಅಗಳಿನ ಉದಾಹರಣೆ ನನ್ನ ಮಗಳಿಗೂ ಹೇಳ್ತೀನಿ. ಅವಳಿಗೆ ನಾಡಿದ್ದು ಇಂಗ್ಲಿಷ್ ಪರೀಕ್ಷೆ.

---

ಬ್ಯಾಂಕ್ ಕೌಂಟರ್ 3

ಒಂದು ನಿಮಿಷ. ‘ಅಡ್ವೈಸಸ್’ ತಪ್ಪು ಅಂತ ಯಾರು ಹೇಳಿದ್ದು? ನಾನು ಬ್ಯಾಂಕಿನಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಕ್ರೆಡಿಟ್ ಅಡ್ವೈಸ್, ಡೆಬಿಟ್ ಅಡ್ವೈಸ್, ಪೇಮೆಂಟ್ ಅಡ್ವೈಸ್ ದಿನಾ ಬರೆದಿದ್ದೇನೆ. ‘ತ್ರೀ ಅಡ್ವೈಸಸ್ ಪೆಂಡಿಂಗ್’ ಅಂತ ರಿಜಿಸ್ಟರಿನಲ್ಲೇ ಇರುತ್ತಿತ್ತು. ಯಾವ ಆಡಿಟರೂ ಕೇಳಿಲ್ಲ.

---

ಪ್ರೂಫ್ ನೋಡುವವ

@ಬ್ಯಾಂಕ್ ಕೌಂಟರ್ 3 ನಿಮ್ಮದು ಪೂರ್ತಿ ಸರಿ ಸರ್. ಅಲ್ಲಿ ಅಡ್ವೈಸ್ ಅಂದರೆ ಬುದ್ಧಿಮಾತಲ್ಲ, ಒಂದು ಕಾಗದ. ದುಡ್ಡು ಜಮಾ ಆಯಿತು ಅಂತ ತಿಳಿಸುವ ಚೀಟಿ. ಚೀಟಿಯನ್ನ ಎಣಿಸಬಹುದು. ಬ್ಯಾಂಕಿನ ಮೇಲ್‌ನಲ್ಲಿ ಅದನ್ನ ಯಾರಾದರೂ ತಿದ್ದಿದರೆ ಅದೇ ತಪ್ಪು. ‘ಯುವರ್ ಅಡ್ವೈಸಸ್ ವರ್ ಹೆಲ್ಪ್‌ಫುಲ್’ ಅಂತ ಬಂದಾಗ ಮಾತ್ರ ‘ಅಡ್ವೈಸ್ ವಾಸ್’ ಮಾಡಬೇಕು.

---

ಟರ್ಬೈನ್

ಹಾಗಾದರೆ ‘ಫೀಡ್‌ಬ್ಯಾಕ್ಸ್’ ಕೂಡ ಯಾವಾಗಲೂ ತಪ್ಪಲ್ಲ. ನಾನು ಕಂಟ್ರೋಲ್ ಸಿಸ್ಟಮ್ ಓದಿದವನು. ಒಂದು ಮೋಟರಿಗೆ ವೇಗದ ಫೀಡ್‌ಬ್ಯಾಕ್, ಜಾಗದ ಫೀಡ್‌ಬ್ಯಾಕ್ ಅಂತ ಬೇರೆ ಬೇರೆ ಸಿಗ್ನಲ್ ಬರುತ್ತೆ. ಅಲ್ಲಿ ಎಣಿಸಲೇಬೇಕು. ಹವಾಮಾನದ ವಿಜ್ಞಾನಿಗಳೂ ‘ಕ್ಲೈಮೇಟ್ ಫೀಡ್‌ಬ್ಯಾಕ್ಸ್’ ಅಂತ ಬರೀತಾರೆ. ಹಿಮ ಕರಗಿದರೆ ನೆಲ ಜಾಸ್ತಿ ಬಿಸಿಲು ಹೀರುತ್ತೆ, ಅದರಿಂದ ಇನ್ನಷ್ಟು ಹಿಮ ಕರಗುತ್ತೆ. ಇದು ಒಂದು ಫೀಡ್‌ಬ್ಯಾಕ್. ಇಂಥವು ಹಲವು ಇವೆ. ಸುಮ್ನೆ ‘ತಪ್ಪು’ ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಡಿ.

---

ಪ್ರೂಫ್ ನೋಡುವವ

@ಟರ್ಬೈನ್ ಒಪ್ಪಿದೆ. ಗ್ರಾಹಕರ ಅನಿಸಿಕೆ ಅನ್ನೋ ಅರ್ಥದಲ್ಲಿ ಮಾತ್ರ ‘ಎಸ್’ ಬೇಡ.

---

ಎಚ್‌ಆರ್ ಶಾಂತಿನಗರ

ಸ್ಟಾಫ್ ಬಗ್ಗೆ ನಾನು ಹೇಳ್ತೀನಿ, ಅದು ನನ್ನ ದಿನದ ಕೆಲಸ. ಸ್ಟಾಫ್ ಏಕವಚನ. ಹಾಗಾಗಿ ಯಾವಾಗಲೂ ‘ಸ್ಟಾಫ್ ಈಸ್’. ‘ಸ್ಟಾಫ್ ಆರ್’ ಅಂತ ಕಂಡರೆ ನಾನು ಕೆಂಪು ಗೆರೆ ಎಳೆದುಬಿಡ್ತೀನಿ.

---

ಲೀಡ್ಸ್ ಕನ್ನಡಿಗ

@ಎಚ್‌ಆರ್ ಶಾಂತಿನಗರ ಮೇಡಂ, ಆ ಕೆಂಪು ಗೆರೆ ದಯವಿಟ್ಟು ಅಳಿಸಿ. ಅಮೆರಿಕದವರು ಹೆಚ್ಚಾಗಿ ‘ಸ್ಟಾಫ್ ಈಸ್’ ಅಂತಾರೆ. ಇಲ್ಲಿ ಇಂಗ್ಲೆಂಡಲ್ಲಿ ‘ಸ್ಟಾಫ್ ಆರ್’ ಅನ್ನೋದೇ ಬಳಕೆ. ಆಸ್ಪತ್ರೆ, ಸ್ಕೂಲು, ರೈಲ್ವೆ ಸ್ಟೇಷನ್ ಎಲ್ಲಾ ಬೋರ್ಡಲ್ಲೂ ‘ಅವರ್ ಸ್ಟಾಫ್ ಆರ್’ ಅಂತಲೇ ಇರುತ್ತೆ. ಸಂಪಿಗೆಯವರ ಕ್ಲೈಂಟ್ ಇಂಗ್ಲೆಂಡಿನವರು, ಹಾಗಾಗಿ ಅವರಿಗೆ ‘ಆರ್’ ಸರಿ. ‘ಎಸ್’ ಇಲ್ಲ, ಆದರೂ ಬಹುವಚನ.

---

ಎಚ್‌ಆರ್ ಶಾಂತಿನಗರ

ಓ, ಹೌದಾ? ನಮ್ಮ ಕಂಪನಿ ಅಮೆರಿಕದ್ದು, ಅಲ್ಲಿಂದ ಬಂದ ಗೈಡ್ ನೋಡಿ ಕಲಿತಿದ್ದು. ಒಳ್ಳೆಯದಾಯಿತು ಹೇಳಿದ್ದು. ಆದರೆ ‘ಎ ಸ್ಟಾಫ್ ಈಸ್ ಆನ್ ಲೀವ್’ ಅಂತೂ ತಪ್ಪು ತಾನೇ? ಅದು ನಮ್ಮಲ್ಲಿ ತುಂಬಾ ಬರುತ್ತೆ.

---

ಪ್ರೂಫ್ ನೋಡುವವ

ತಪ್ಪು. ಒಬ್ಬರನ್ನ ಹೇಳೋದಾದರೆ ‘ಎ ಸ್ಟಾಫ್ ಮೆಂಬರ್’, ಇಲ್ಲಾ ‘ಎ ಮೆಂಬರ್ ಆಫ್ ಸ್ಟಾಫ್’. ಇದು ನಮ್ಮ ಕನ್ನಡದಿಂದಲೇ ಹೋಗಿದ್ದು ಅನ್ಸುತ್ತೆ. ‘ಸ್ಟಾಫ್ ಒಬ್ಬರು ಬಂದಿದ್ದರು’ ಅಂತೀವಲ್ಲ. ‘ಡಿಯರ್ ಸ್ಟಾಫ್ಸ್’ ಅಂತ ಶುರುವಾಗುವ ಮೇಲ್‌ಗೆ ‘ಡಿಯರ್ ಆಲ್’ ಹಾಕಿದರೆ ಯಾರಿಗೂ ತಕರಾರಿಲ್ಲ.

ಮತ್ತೆ ‘ಸ್ಟಾಫ್ಸ್’ ಕೆಳಗೆ ಕೆಂಪು ಗೆರೆ ಬರಲಿಲ್ಲ ಅಂತ ನಂಬಬೇಡಿ. ಬೇರೆ ಬೇರೆ ಸಂಸ್ಥೆಗಳ ಸಿಬ್ಬಂದಿಯನ್ನ ಒಟ್ಟಿಗೆ ಹೇಳುವಾಗ ‘ದಿ ಸ್ಟಾಫ್ಸ್ ಆಫ್ ಬೋಥ್ ಹಾಸ್ಪಿಟಲ್ಸ್’ ಅನ್ನಬಹುದು. ಕ್ರಿಯಾಪದವಾಗಿಯೂ ಆ ಪದ ಇದೆ. ಹಾಗಾಗಿ ಸ್ಪೆಲಿಂಗ್ ನೋಡುವ ಸಾಫ್ಟ್‌ವೇರ್‌ಗೆ ಅದು ಸರಿಯಾದ ಪದವೇ.

---

ಕನ್ನಡ ಮೇಷ್ಟ್ರು ಹಾವೇರಿ

ಸಿಬ್ಬಂದಿ ಅಂದ ಕೂಡಲೇ ನೆನಪಾಯಿತು. ಕನ್ನಡದಲ್ಲೂ ಇದೇ ಜಗಳ ಇದೆಯಲ್ಲ! ‘ಸಿಬ್ಬಂದಿ’ ಅಂದರೇ ಗುಂಪು. ‘ಸಿಬ್ಬಂದಿ ಮುಷ್ಕರ ಹೂಡಿದರು’ ಅಂದರೆ ಸಾಕು. ಆದರೂ ಸುತ್ತೋಲೆಗಳಲ್ಲಿ ‘ಎಲ್ಲಾ ಸಿಬ್ಬಂದಿಗಳು ಹಾಜರಿರತಕ್ಕದ್ದು’ ಅಂತ ಬರೀತಾರೆ. ನಾನು ಸ್ಟಾಫ್ ರೂಮಿನ ನೋಟಿಸ್‌ನಲ್ಲಿ ಆ ‘ಗಳು’ ಹೊಡೆದುಹಾಕಿ ಬೈಸಿಕೊಂಡಿದ್ದೇನೆ.

---

ಬನವಾಸಿ

ನೋಡಿ ಮೇಷ್ಟ್ರೇ, ‘ಸಿಬ್ಬಂದಿಗಳು’ ಅಂತ ಇಷ್ಟು ಜನ ಬರೀತಾರೆ ಅಂದ ಮೇಲೆ ಅದೂ ಕನ್ನಡವೇ ಆಯಿತು. ಜನ ಹೇಗೆ ಆಡ್ತಾರೋ ಅದೇ ಭಾಷೆ.

---

ಕನ್ನಡ ಮೇಷ್ಟ್ರು ಹಾವೇರಿ

ಆಡಲಿ, ಬೇಡ ಅನ್ನೋದಿಲ್ಲ. ಮಾತಿನಲ್ಲಿ ನಾನು ತಿದ್ದೋದೇ ಇಲ್ಲ. ಬರವಣಿಗೆಯಲ್ಲಿ ‘ಸಿಬ್ಬಂದಿ’ ಅಂತ ಇದ್ದರೆ ಕಣ್ಣಿಗೆ ಚೆಂದ. ಇದರಲ್ಲಿ ನಾವಿಬ್ಬರೂ ಒಂದಾಗೋದಿಲ್ಲ ಬಿಡ್ರಿ.

---

ಕೆಂಗೇರಿ ಎಕ್ಸ್‌ಪ್ರೆಸ್

ಒಂದು ಅನುಭವ ಹೇಳಲೇಬೇಕು. ನಮ್ಮ ಹಳೇ ಆಫೀಸಲ್ಲಿ ಒಂದು ದೊಡ್ಡ ರಿಪೋರ್ಟ್ ಇತ್ತು. ‘ಸ್ಟಾಫ್ಸ್’ ಎಲ್ಲಾ ತೆಗೀರಿ ಅಂದರು. ಫೈಂಡ್ ಅಂಡ್ ರಿಪ್ಲೇಸ್ ಹಾಕಿ ರಿಪ್ಲೇಸ್ ಆಲ್ ಒತ್ತಿದೆ. ಕ್ಲೈಂಟ್ ಇದ್ದದ್ದು ಸ್ಟೋಕ್-ಆನ್-ಟ್ರೆಂಟ್ ಅನ್ನೋ ಊರಲ್ಲಿ. ಅದು ಸ್ಟಾಫರ್ಡ್‌ಶೈರ್ ಕೌಂಟಿ. ಆ ಕೌಂಟಿಯ ಹೆಸರನ್ನ ವಿಳಾಸದಲ್ಲಿ ಚಿಕ್ಕದಾಗಿ ‘ಸ್ಟಾಫ್ಸ್’ ಅಂತಲೇ ಬರೀತಾರೆ. ಪುಟ ಪುಟದಲ್ಲೂ ಅವರ ವಿಳಾಸ ‘ಸ್ಟೋಕ್-ಆನ್-ಟ್ರೆಂಟ್, ಸ್ಟಾಫ್’ ಆಗಿ ಹೋಯಿತು. ಅವತ್ತಿಂದ ರಿಪ್ಲೇಸ್ ಆಲ್ ಮುಟ್ಟಿಲ್ಲ. ಒಂದೊಂದನ್ನೇ ಫೈಂಡ್ ನೆಕ್ಸ್ಟ್ ಕೊಟ್ಟು, ಆ ವಾಕ್ಯ ಪೂರ್ತಿ ಓದಿ ತಿದ್ದುತ್ತೇನೆ.

---

ಲೀಡ್ಸ್ ಕನ್ನಡಿಗ

@ಕೆಂಗೇರಿ ಎಕ್ಸ್‌ಪ್ರೆಸ್ ಹೌದು, ಇಲ್ಲಿ ಲಕೋಟೆ ಮೇಲೆ ಹಾಗೇ ಬರೆಯೋದು!

---

ಅಡಿಕೆ ತೋಟ

ಆಯ್ತಪ್ಪ, ಆಟೋಕರೆಕ್ಟ್ ಮಾತು ವಾಪಸ್ ತಗೊಂಡೆ. ಆದರೆ ಅದನ್ನ ಬೇರೆ ರೀತಿ ಬಳಸಬಹುದಲ್ವಾ? ‘ಇನ್‌ಫರ್ಮೇಷನ್ಸ್’ ಅಂತ ಹೊಡೆದ ಕೂಡಲೇ ‘ಇನ್‌ಫರ್ಮೇಷನ್’ ಜೊತೆಗೆ ಮೂರು ನಕ್ಷತ್ರ ಚಿಹ್ನೆ ಬರೋ ಹಾಗೆ ಹಾಕಿದರೆ? ಕಣ್ಣಿಗೆ ಹೊಡೆಯುತ್ತೆ, ಆಗ ವಾಕ್ಯ ತಾನೇ ನೋಡ್ತಾನೆ.

---

ಪ್ರೂಫ್ ನೋಡುವವ

@ಅಡಿಕೆ ತೋಟ ಇದು ಚೆನ್ನಾಗಿದೆ! ನನಗೆ ಹೊಳೆದಿರಲಿಲ್ಲ. ನಕ್ಷತ್ರ ಅಳಿಸದೆ ಕಳಿಸಿಬಿಡುವ ಭಯ ಇದೆ, ಅದೊಂದು ನೋಡಿಕೊಳ್ಳಬೇಕು.

---

ಹೊಸ ಬೆರಳಚ್ಚು

ನಾನು ಆ ಹುಡುಗನ ಜಾಗದಲ್ಲಿದ್ದೆ, ಎರಡು ವರ್ಷದ ಹಿಂದೆ. ಕನ್ನಡ ಮೀಡಿಯಂ, ತುಮಕೂರು ಕಡೆಯವಳು. ನನ್ನ ಲೀಡ್ ‘ರಿಪ್ಲೈ ಆಲ್’ನಲ್ಲಿ “ಫರ್ನಿಚರ್ಸ್ ಅಂತ ಪದವಿಲ್ಲ” ಅಂತ ಬರೆದರು. ಹದಿನೆಂಟು ಜನ ಓದಿದರು. ಆಮೇಲೆ ಒಂದು ತಿಂಗಳು ನಾನು ಮೇಲ್ ಬರೆಯೋದನ್ನೇ ತಪ್ಪಿಸಿಕೊಂಡೆ. ಫೋನ್ ಮಾಡ್ತಿದ್ದೆ, ಇಲ್ಲ ಪಕ್ಕದವರ ಕೈಲಿ ಬರೆಸ್ತಿದ್ದೆ.

ಆಮೇಲೆ ಬಂದ ಲೀಡ್ ಬೇರೆ ಥರ. ಮೇಲ್ ಕಳಿಸುವ ಮೊದಲು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. “ಇಲ್ಲಿ ನೀನು ಏನನ್ನ ಎಣಿಸ್ತಿದ್ದೀಯ?” ಅಂತ ಕೇಳೋರು. ಮೇಜಾ, ಕುರ್ಚಿಯಾ? ನಾನು “ಆರು ಕುರ್ಚಿ” ಅಂದರೆ, “ಹಾಗಾದರೆ ‘ಸಿಕ್ಸ್ ಚೇರ್ಸ್’ ಅಂತಲೇ ಬರಿ” ಅನ್ನೋರು. ಅಷ್ಟೇ. ನಿಯಮ ಹೇಳಲೇ ಇಲ್ಲ. ಈಗ ಕೈ ತಾನಾಗಿ ನಿಲ್ಲುತ್ತೆ. ಸಂಪಿಗೆ ಅಕ್ಕ, ದಯವಿಟ್ಟು ಎಲ್ಲರ ಮುಂದೆ ತಿದ್ದಬೇಡಿ.

---

ಎಚ್‌ಆರ್ ಶಾಂತಿನಗರ

@ಹೊಸ ಬೆರಳಚ್ಚು ಓದಿ ಕಣ್ಣು ತುಂಬಿತು ಪುಟ್ಟಿ.

---

ಟರ್ಬೈನ್

‘ಡೇಟಾಸ್’ ಯಾರೂ ಹೇಳಲೇ ಇಲ್ಲ?

---

ಪ್ರೂಫ್ ನೋಡುವವ

ಡೇಟಾ ಮೂಲದಲ್ಲೇ ಬಹುವಚನ. ‘ಡೇಟಾ ಈಸ್’, ‘ಡೇಟಾ ಆರ್’ ಎರಡೂ ನಡೆಯುತ್ತೆ. ‘ಡೇಟಾಸ್’ ನಡೆಯಲ್ಲ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

---

ಸಂಪಿಗೆ ರೋಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊಟ ಆದಮೇಲೆ ಹುಡುಗನ ಜೊತೆ ಕೂತಿದ್ದೆ. ಮೊದಲು ಕ್ಷಮೆ ಕೇಳಿದೆ, ಹೇಳದೆ ಅವನ ಮೇಲ್ ಮುಟ್ಟಿದ್ದಕ್ಕೆ. ಆಮೇಲೆ ಪ್ರೂಫ್ ಅವರು ಹೇಳಿದ ಪ್ರಶ್ನೆ ಕೇಳಿದೆ. “14 ಅಂದರೆ ಏನು? 14 ಜನಾನಾ?”

ಅಲ್ಲವಂತೆ. ಉತ್ತರ ಕೊಟ್ಟಿದ್ದು 9 ಜನ. ಅವರು ಹೇಳಿದ ಮಾತುಗಳು ಒಟ್ಟು 14. ಒಬ್ಬರೇ ನಾಲ್ಕು ಬರೆದಿದ್ದರಂತೆ! ಕ್ಲೈಂಟಿನ ಹಳೇ ಮೇಲ್ ತೆಗೆದು ನೋಡಿದೆವು. ಅವರು ‘14 ಜನ ಉತ್ತರಿಸಿದ್ದಾರೆ’ ಅಂತ ತಿಳಿದು ತಮ್ಮ ಪಟ್ಟಿಗೆ ಹಾಕಿಕೊಂಡುಬಿಟ್ಟಿದ್ದರು. ನಾನು ‘ಎಸ್’ ಕಿತ್ತಿದ್ದರಿಂದ ಅದೇನೂ ಸರಿಯಾಗಿರಲಿಲ್ಲ. ಇಬ್ಬರೂ ಸೇರಿ ಹೊಸದಾಗಿ ಬರೆದೆವು:

“ಹಿಯರ್ ಈಸ್ ದಿ ಇನ್‌ಫರ್ಮೇಷನ್ ಯು ಆಸ್ಕ್ಡ್ ಫಾರ್. ಇಟ್ ವಾಸ್ ಕಲೆಕ್ಟೆಡ್ ಫ್ರಮ್ ಯುವರ್ ಸ್ಟಾಫ್. ನೈನ್ ಪೀಪಲ್ ರಿಪ್ಲೈಡ್, ವಿತ್ 14 ಕಾಮೆಂಟ್ಸ್ ಇನ್ ಆಲ್. ಮೋಸ್ಟ್ ಆಫ್ ದಿ ಕಾಮೆಂಟ್ಸ್ ಆರ್ ಪಾಸಿಟಿವ್.”

ಕೊನೆಯ ವಾಕ್ಯ ಅವನೇ ಬರೆದಿದ್ದು. “ಮೇಡಂ, ಕಾಮೆಂಟ್ಸ್ ಅಗಳು ಅಲ್ವಾ, ಇಲ್ಲಿ ‘ಆರ್’ ಬರಬಹುದು ತಾನೇ?” ಅಂತ ಕೇಳಿ ಬರೆದ. ಮೇಷ್ಟ್ರೇ, ನಿಮ್ಮ ಅಗಳು ನಮ್ಮ ಟೀಮಿಗೆ ಬಂದು ಕೂತಿದೆ.

---

ಕನ್ನಡ ಮೇಷ್ಟ್ರು ಹಾವೇರಿ

ಭಾಳ ಖುಷಿ ಆತು ನೋಡ್ರಿ.

---

ಬನವಾಸಿ

9 ಮತ್ತು 14ರ ವಿಷಯ ಒಪ್ಪಿದೆ. ಲೆಕ್ಕ ತಪ್ಪುವ ಜಾಗದಲ್ಲಿ ತಿದ್ದಲೇಬೇಕು. ಆದರೆ ‘ಇನ್‌ಫರ್ಮೇಷನ್ಸ್’ನಿಂದ ಯಾವ ಲೆಕ್ಕವೂ ತಪ್ಪಿರಲಿಲ್ಲ ಅನ್ನೋದನ್ನ ಮಾತ್ರ ಮರೀಬೇಡಿ.

---

ಮೈಸೂರು ಮಲ್ಲಿಗೆ ದಂಡೆ

ಪ್ರೂಫ್ ಸರ್, ಮಗಳು ಈಗ ಕೇಳ್ತಿದ್ದಾಳೆ: ‘ಹೇರ್’ಗೆ ‘ಎಸ್’ ಬರುತ್ತಾ ಇಲ್ವಾ? ಪುಸ್ತಕದಲ್ಲಿ ಎರಡೂ ಇದೆಯಂತೆ.

---

ಪ್ರೂಫ್ ನೋಡುವವ

ತಲೆ ತುಂಬಾ ಇದ್ದರೆ ‘ಹೇರ್’. ಸಾರಿನಲ್ಲಿ ಎರಡು ಸಿಕ್ಕಿದರೆ ‘ಟೂ ಹೇರ್ಸ್’. ಪರೀಕ್ಷೆ ಚೆನ್ನಾಗಿ ಬರೀಲಿ.